ತಾರಸಿ ಮೇಲಿನ ಚಂದ್ರ: ಹಾಸನದ ನಮ್ಮ ಬೀದಿಯಿಂದ ಈದ್ ಶುಭಾಶಯ

(ಮಾರ್ಚ್ 31, 2025, ಸೋಮವಾರ. ಸುಮಾರು ಎರಡೂವರೆ ನಿಮಿಷ. ಫೋನಿನಲ್ಲೇ ತೆಗೆದ ದೃಶ್ಯಗಳು. ನಿರೂಪಣೆ ಮನೆಮಗಳ ದನಿಯಲ್ಲಿ, ಅವಸರವಿಲ್ಲದೆ.)

ದೃಶ್ಯ: ನಿನ್ನೆ ಸಂಜೆ. ತಾರಸಿಗಳ ಸಾಲು. ಕೆಳಗೆ ಬಾಗಿಲಲ್ಲಿ ಮಾವಿನ ತೋರಣ.

ನಿರೂಪಣೆ: ನಮಸ್ಕಾರ. ಅಸ್ಸಲಾಮು ಅಲೈಕುಮ್.

ನಿನ್ನೆ ಸಂಜೆ ನಮ್ಮ ಬೀದಿಯಲ್ಲಿ ಯಾರೂ ಮನೆಯೊಳಗಿರಲಿಲ್ಲ. ಪಕ್ಕದ ಮನೆ ಅಕ್ಕ ಯುಗಾದಿ ಚಂದ್ರನನ್ನು ಹುಡುಕುತ್ತಿದ್ದರು. ನಾವು ಈದ್ ಚಂದ್ರನನ್ನು. ಇದ್ದದ್ದು ಒಂದೇ ಚಂದ್ರ, ಅಲ್ವಾ? ಮೊದಲು ಕಂಡಿದ್ದು ಅಕ್ಕನ ಮೊಮ್ಮಗಳಿಗೆ. "ಅಗೋ, ತೆಂಗಿನ ಗರಿ ಪಕ್ಕ, ಉಗುರಿನಷ್ಟು!" ಅಕ್ಕ ಕೈಮುಗಿದರು. ಅಮ್ಮ ಕೈ ಚಾಚಿ ದುವಾ ಮಾಡಿದರು. ಹುಡುಗರು ಸುಮ್ನೆ ಶಿಳ್ಳೆ ಹೊಡೆದರು.

ದೃಶ್ಯ: ಇವತ್ತು ಬೆಳಗ್ಗೆ, ಅಡುಗೆಮನೆ. ತುಪ್ಪದಲ್ಲಿ ಶಾವಿಗೆ. ಹುರಿಯುವ ಸದ್ದು ಕೇಳಲಿ, ಸಂಗೀತ ಬೇಡ.

ನಿರೂಪಣೆ: ಈ ಸಲ 29 ರೋಜಾ. ಶಾವಿಗೆ ಕೆಂಪಗಾಗಬೇಕು, ಕಪ್ಪಾಗಬಾರದು. ಈ ಹೊತ್ತಲ್ಲಿ ಅಮ್ಮ ಯಾರ ಮಾತಿಗೂ ಉತ್ತರ ಕೊಡುವುದಿಲ್ಲ. ಆಮೇಲೆ ಗಟ್ಟಿ ಹಾಲು, ಸೀಳಿದ ಖರ್ಜೂರ, ಗೋಡಂಬಿ, ದ್ರಾಕ್ಷಿ. ಶೀರ್ ಅಂದರೆ ಹಾಲು, ಖುರ್ಮಾ ಅಂದರೆ ಖರ್ಜೂರ.

ಈ ದೊಡ್ಡ ಪಾತ್ರೆ ನಮ್ಮದಲ್ಲ, ಅಕ್ಕನದು. ನಿನ್ನೆ ಹೋಳಿಗೆಗೆ ಬೇಳೆ ಬೇಯಿಸಿ ಹೂರಣ ಮಾಡಿದ್ದು ಇದರಲ್ಲೇ. ತೊಳೆದರೂ ಏಲಕ್ಕಿ ಘಮ ಬಿಟ್ಟಿಲ್ಲ. ಒಳ್ಳೆಯದೇ ಆಯ್ತು.

ದೃಶ್ಯ: ಈದ್ಗಾದಿಂದ ವಾಪಸ್ ಬರುತ್ತಿರುವ ಅಪ್ಪ, ಮಕ್ಕಳು. ಹೊಸ ಬಟ್ಟೆ, ಅತ್ತರು, ಅಪ್ಪುಗೆ.

ನಿರೂಪಣೆ: ನಮಾಜಿಗೆ ಮೊದಲೇ ಫಿತ್ರಾ ಕೊಟ್ಟಾಯ್ತು. ಹಬ್ಬದ ದಿನ ಇಲ್ಲದವರ ಮನೆಯಲ್ಲೂ ಒಲೆ ಉರಿಯಬೇಕು.

ದೃಶ್ಯ: ಮೂಲೆಯ ದಿನಸಿ ಅಂಗಡಿ. ಗೋಡೆ ಗಡಿಯಾರ. ಅಂಗಡಿಯ ಅಣ್ಣನ ಕೈಗೆ ಬಟ್ಟಲು.

ನಿರೂಪಣೆ: ಅಣ್ಣ ಜೈನರು. ಸೂರ್ಯ ಮುಳುಗುವ ಮೊದಲು ಅವರ ಊಟ ಮುಗಿಯಬೇಕು. ಸೂರ್ಯ ಮುಳುಗಿದ ಮೇಲೆ ನಮ್ಮದು ಶುರು. ತಿಂಗಳಿಡೀ ಸಂಜೆ ಆರೂವರೆ ಹತ್ತಿರ ಇಬ್ಬರಿಗೂ ಗಡಿಯಾರದ ಮೇಲೇ ಕಣ್ಣು. ಖರ್ಜೂರ ಕೊಟ್ಟವರೂ ಅವರೇ. ತೂಕ ಯಾವಾಗಲೂ ಸ್ವಲ್ಪ ಜಾಸ್ತಿ.

ಎದುರು ಮನೆ ಟೀಚರ್‌ಗೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ. ಸಿಹಿ ಬಿಟ್ಟಿದ್ದಾರೆ. ಟೀಚರ್, ನಿಮ್ಮ ಪಾಲು ಏಪ್ರಿಲ್ 20ಕ್ಕೆ ಬಾಕಿ. ಮರೆಯುವುದಿಲ್ಲ.

ದೃಶ್ಯ: ತೆರೆದ ಬಾಗಿಲು. ಮನೆಯವರೆಲ್ಲ ಹೊಸ್ತಿಲಲ್ಲಿ.

ನಿರೂಪಣೆ: ಬನ್ನಿ. ಕರೆಯಲಿಲ್ಲ ಅಂತ ಯಾರೂ ಅಂದುಕೊಳ್ಳಬೇಡಿ, ಇದೇ ಕರೆಯೋಲೆ. ಸೋಮವಾರ ಮಾಂಸ ಮುಟ್ಟದವರು ಹೊಸತೊಡಕನ್ನು ನಾಳೆಗೆ ಹಾಕಿಕೊಂಡಿದ್ದೀರಿ, ಗೊತ್ತು. ನಿಮಗೆ ಬಿರಿಯಾನಿ ನಾಳೆ. ಸಸ್ಯಾಹಾರಿಗಳಿಗೆ ಬೇರೆ ಒಲೆ, ಬೇರೆ ಸೌಟು.

ಬೇವು ಬೆಲ್ಲ ತಿಂದವರಿಗೂ, ರೋಜಾ ಹಿಡಿದವರಿಗೂ, ಚರ್ಚಿಗೆ ಹೋಗುವವರಿಗೂ, ಬಸದಿಗೆ ಹೋಗುವವರಿಗೂ, ಎಲ್ಲಿಗೂ ಹೋಗದೆ ಮನೆಯಲ್ಲೇ ಇರುವವರಿಗೂ ನಮ್ಮ ಮನೆಯಿಂದ ಈದ್ ಮುಬಾರಕ್. ನಿಮ್ಮ ಮಕ್ಕಳು ಚೆನ್ನಾಗಿರಲಿ. ಮಳೆ ಬೆಳೆ ಚೆನ್ನಾಗಿ ಆಗಲಿ.

(ಕ್ಯಾಮೆರಾದ ಹಿಂದಿನಿಂದ ಅಮ್ಮನ ದನಿ.)

ಅಮ್ಮ: ಅಕ್ಕಾ, ಪಾತ್ರೆ ಇನ್ನೊಂದು ದಿನ ನಮ್ಮಲ್ಲೇ ಇರಲಿ. ನೆಂಟರು ಜಾಸ್ತಿ!