ಹತ್ತನೇ ತರಗತಿಯ ಗಣಿತ ಪಾಠಕ್ಕೆ ಪ್ರವೇಶ ಕೋರಿದ್ದರ ಕುರಿತು

ಕುವೆಂಪುನಗರ, ಮೈಸೂರು
16 ಜೂನ್ 2025

ಮಾನ್ಯ ರಮೇಶ್ ಅವರಿಗೆ ನಮಸ್ಕಾರಗಳು.

ನಿನ್ನೆ ಭಾನುವಾರ ತಾವು ಮಗಳೊಂದಿಗೆ ಮನೆಗೆ ಬಂದು, ಆಕೆಯನ್ನು ಎಸ್‌ಎಸ್‌ಎಲ್‌ಸಿ ಗಣಿತದ ಸಂಜೆ ಪಾಠಕ್ಕೆ ಸೇರಿಸಿಕೊಳ್ಳುವಂತೆ ಕೇಳಿದಿರಿ. ಈ ವರ್ಷದ ಬ್ಯಾಚು ಮೇ ಕೊನೆಯಲ್ಲೇ ಭರ್ತಿಯಾಗಿರುವುದರಿಂದ ಸದ್ಯಕ್ಕೆ ಸೇರಿಸಿಕೊಳ್ಳಲು ಸಾಧ್ಯವಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.

ಒಬ್ಬಳು ಹೆಚ್ಚಾದರೆ ಏನಾಗುತ್ತದೆ ಎಂದು ತಾವು ಕೇಳಿದ್ದು ಸಹಜವೇ. ನಮ್ಮ ಹಜಾರದಲ್ಲಿ ಹದಿನೆಂಟು ಮಕ್ಕಳು ಕೂರಬಹುದು; ಇನ್ನೊಂದು ಚಾಪೆ ಹಾಸಿದರೆ ಇಪ್ಪತ್ತೂ ಆದೀತು. ಆದರೆ ಒಂದೂವರೆ ಗಂಟೆಯ ಪಾಠದಲ್ಲಿ ಪ್ರತಿಯೊಬ್ಬರ ನೋಟ್‌ಬುಕ್ಕನ್ನೂ ನಾನೇ ನೋಡಿ ತಿದ್ದುವ ಕ್ರಮಕ್ಕೆ ಹದಿನೆಂಟೇ ಮಿತಿ. ಹೋದ ವರ್ಷ ದಾಕ್ಷಿಣ್ಯಕ್ಕೆ ಇಬ್ಬರನ್ನು ಹೆಚ್ಚಾಗಿ ಸೇರಿಸಿಕೊಂಡು, ತಿದ್ದದೆ ಉಳಿದ ಪುಸ್ತಕಗಳನ್ನು ರಾತ್ರಿ ಹತ್ತರವರೆಗೆ ನೋಡುತ್ತಾ ಕೂತಿದ್ದೆ. ಅಷ್ಟರಲ್ಲಿ ತಪ್ಪು ಮಾಡಿದ ಮಗು ಮನೆಗೆ ಹೋಗಿ ಮಲಗಿರುತ್ತಿತ್ತು.

ತಮ್ಮ ಮಗಳು ತೋರಿಸಿದ ನೋಟ್‌ಬುಕ್ಕನ್ನು ನಾನು ಗಮನವಿಟ್ಟು ನೋಡಿದ್ದೇನೆ. ಥೇಲ್ಸ್ ಪ್ರಮೇಯದ ಸಾಧನೆಯಲ್ಲಿ ಚಿತ್ರವೂ ಹಂತಗಳೂ ಸರಿಯಾಗಿವೆ, ಆದರೆ ಎರಡು ತ್ರಿಭುಜಗಳ ವಿಸ್ತೀರ್ಣ ಏಕೆ ಸಮ ಎಂಬಲ್ಲಿ ಕಾರಣ ಬರೆದಿಲ್ಲ. ಒಂದೇ ಪಾದದ ಮೇಲೆ, ಎರಡು ಸಮಾಂತರ ರೇಖೆಗಳ ನಡುವೆ ಇವೆ ಎಂಬ ಒಂದು ಸಾಲನ್ನು ಸೇರಿಸುವ ಅಭ್ಯಾಸವಾದರೆ ಸಾಕು. ಆಕೆಗೆ ಬೇಕಿರುವುದು ಇಂಥ ತಿದ್ದುಪಡಿಯೇ ಹೊರತು ಮೊದಲಿನಿಂದ ಪಾಠವಲ್ಲ ಎಂಬುದು ನನ್ನ ಅನಿಸಿಕೆ. ಶಾಲೆಯ ಗಣಿತ ಶಿಕ್ಷಕರಿಗೂ ಇದನ್ನು ತೋರಿಸಿ.

ತಾವು ಒಪ್ಪುವುದಾದರೆ ಆಕೆಯ ಹೆಸರನ್ನು ಕಾಯುವವರ ಪಟ್ಟಿಯಲ್ಲಿ ಬರೆದುಕೊಳ್ಳುತ್ತೇನೆ. ಈಗಾಗಲೇ ನಾಲ್ವರಿದ್ದಾರೆ, ಆಕೆ ಐದನೆಯವಳಾಗುತ್ತಾಳೆ. ಕೇಳಿದ ದಿನಾಂಕದ ಪ್ರಕಾರವೇ ಕರೆಯುತ್ತೇನೆ. ಅಂಕ, ಪರಿಚಯ, ಅಕ್ಕ ಇಲ್ಲೇ ಓದಿದ್ದಳೆಂಬುದು ಯಾವುದೂ ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಶಾಲೆಯ ಮೊದಲ ಕಿರುಪರೀಕ್ಷೆಯ ನಂತರ ಒಬ್ಬಿಬ್ಬರು ಬಿಡುವುದುಂಟು, ದಸರಾ ರಜೆಯ ಬಳಿಕ ಇನ್ನೊಬ್ಬರು. ಐದನೆಯವರಿಗೆ ಖಂಡಿತ ಸಿಗುತ್ತದೆ ಎಂದು ಹೇಳಿ ತಮ್ಮನ್ನು ಸುಮ್ಮನೆ ಕಾಯಿಸಲಾರೆ. ಜಾಗ ತೆರವಾದರೆ ದೂರವಾಣಿ ಮಾಡುತ್ತೇನೆ. ಎರಡು ದಿನದೊಳಗೆ ಉತ್ತರ ಬಾರದಿದ್ದರೆ ಮುಂದಿನವರನ್ನು ಕರೆಯಬೇಕಾಗುತ್ತದೆ. ಅಷ್ಟರೊಳಗೆ ಬೇರೆಡೆ ಒಳ್ಳೆಯ ಪಾಠ ಸಿಕ್ಕರೆ ಸಂಕೋಚವಿಲ್ಲದೆ ಸೇರಿಸಿ, ನನಗೊಂದು ಮಾತು ತಿಳಿಸಿದರೆ ಹೆಸರು ತೆಗೆಯುತ್ತೇನೆ.

ತಾವು ಟೀಪಾಯಿಯ ಮೇಲೆ, ದಿನಪತ್ರಿಕೆಯ ಕೆಳಗೆ ಇಟ್ಟು ಹೋದ ಐದು ಸಾವಿರ ರೂಪಾಯಿಯ ಲಕೋಟೆಯನ್ನು ಹಾಗೆಯೇ ಈ ಪತ್ರದೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಪಟ್ಟಿಯಲ್ಲಿ ಹೆಸರು ಬರೆಸಲು ಮುಂಗಡ ಹಣ ಬೇಕಿಲ್ಲ. ಹೆಸರು ಸೇರಿಸಬೇಕೇ ಎಂಬುದನ್ನು ಇದೇ ಶನಿವಾರದೊಳಗೆ ತಿಳಿಸಿ. ಅಲ್ಲಿಯವರೆಗೆ ಐದನೆಯ ಸಾಲನ್ನು ಖಾಲಿ ಇಟ್ಟಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸುಮಂಗಲಾ