ಮೌಲ್ಯಮಾಪನ ವರದಿ: ಬೌದ್ಧಿಕ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಶಾಲಾ ರಿಯಾಯಿತಿಗಾಗಿ

ಬಾಲಕಿಗೆ 11 ವರ್ಷ 2 ತಿಂಗಳು. ಐದನೇ ತರಗತಿ. ಓದು ಹಿಂದೆ ಬಿದ್ದಿದೆ ಎಂದು ತಾಯಿ ಕರೆತಂದರು. ಹುಟ್ಟಿದಾಗ ತಡವಾಗಿ ಅತ್ತಿದ್ದಳು. ಎರಡೂವರೆ ವರ್ಷಕ್ಕೆ ನಡಿಗೆ, ನಾಲ್ಕಕ್ಕೆ ಮಾತು. ಕಿವಿ, ಕಣ್ಣಿನ ತಪಾಸಣೆಯಲ್ಲಿ ದೋಷವಿಲ್ಲ.

ಬಿನೆ-ಕಾಮತ್ ಪರೀಕ್ಷೆ: ಮಾನಸಿಕ ವಯಸ್ಸು 6 ವರ್ಷ 6 ತಿಂಗಳು, ಐಕ್ಯೂ 58. ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆ ಮಾಪನ: ಸಾಮಾಜಿಕ ವಯಸ್ಸು 6 ವರ್ಷ 5 ತಿಂಗಳು, ಸಾಮಾಜಿಕ ಪ್ರೌಢತೆಯ ಸೂಚ್ಯಂಕ ಎಸ್‌ಕ್ಯೂ 57.

ತಾನೇ ಊಟ, ಸ್ನಾನ ಮಾಡುತ್ತಾಳೆ. ಹತ್ತಿರದ ಅಂಗಡಿಗೆ ಹೋಗುತ್ತಾಳೆ, ಚಿಲ್ಲರೆ ಲೆಕ್ಕ ಬರುವುದಿಲ್ಲ. ಎರಡಕ್ಷರದ ಪದ ಓದುತ್ತಾಳೆ. ಎರಡು ಸೂಚನೆ ಒಟ್ಟಿಗೆ ಕೊಟ್ಟರೆ ಎರಡನೆಯದು ಮರೆತುಹೋಗುತ್ತದೆ. ಶಾಲೆ ಇದನ್ನು ಸೋಮಾರಿತನ ಎಂದು ಬರೆದಿದೆ, ನಾವು ಒಪ್ಪುವುದಿಲ್ಲ. ಪರೀಕ್ಷೆಯ ವೇಳೆ ಸುಮ್ನೆ ಕೂತಿರಲಿಲ್ಲ, ಜಾಸ್ತಿ ಪ್ರಯತ್ನ ಪಟ್ಟಳು.

ತೀರ್ಮಾನ: ಸೌಮ್ಯ ಮಟ್ಟದ ಬೌದ್ಧಿಕ ಅಂಗವೈಕಲ್ಯ, ಶೇ. 50. ಯುಡಿಐಡಿ ಎಂಬ ಅಂಗವೈಕಲ್ಯ ಗುರುತಿನ ಕಾರ್ಡ್‌ಗಾಗಿ ವೈದ್ಯಕೀಯ ಪ್ರಾಧಿಕಾರಕ್ಕೆ ಶಿಫಾರಸು ಮಾಡಲಾಗಿದೆ.

ಶಾಲೆಗೆ: ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಪ್ರಶ್ನೆ ಓದಿಹೇಳುವವರು, ಬರೆಯಲು ಸಹಾಯಕರು, ಒಂದು ಭಾಷೆಯಿಂದ ವಿನಾಯಿತಿ ಕೊಡಬೇಕು. ಪಾಠ ಅವಳ ಮಟ್ಟಕ್ಕೆ ತಕ್ಕಂತಿರಲಿ. ಇದೇ ತರಗತಿಯಲ್ಲಿ ಮತ್ತೆ ಕೂರಿಸುವುದರಿಂದ ಲಾಭವಿಲ್ಲ. ವಿಶೇಷ ಶಿಕ್ಷಕರ ನೆರವು ವಾರಕ್ಕೆ ಮೂರು ದಿನ ಬೇಕು.

ಕ್ಲಿನಿಕಲ್ ಮನಶ್ಶಾಸ್ತ್ರಜ್ಞೆ