ರೈತರ ಲೆಕ್ಕ ಪಟ್ಟಿ: ಒಣ ಮೆಣಸಿನಕಾಯಿ, ಬ್ಯಾಡಗಿ

॥ ಶ್ರೀ ವೀರಭದ್ರೇಶ್ವರ ಪ್ರಸನ್ನ ॥

ದಲಾಲಿ ಅಂಗಡಿ ನಂ. 64, ಎ.ಪಿ.ಎಂ.ಸಿ. ಪ್ರಾಂಗಣ, ಬ್ಯಾಡಗಿ, ಹಾವೇರಿ ಜಿಲ್ಲೆ

ಪಟ್ಟಿ ನಂ. 1187
ದಿನಾಂಕ: 6-2-2025, ಗುರುವಾರ

ಮಾಲು ತಂದವರು: ಶ್ರೀ ಬಸನಗೌಡರು, ಕುಂದಗೋಳ ತಾಲೂಕು
ಬಂದ ಮಾಲು: ಒಣ ಮೆಣಸಿನಕಾಯಿ, 27 ಚೀಲ, ಮೂರು ಲಾಟು. 5ನೇ ತಾರೀಖು ರಾತ್ರಿ ಟೆಂಪೋದಲ್ಲಿ ಬಂದದ್ದು.

ಲಾಟ್ 1, ಕಡ್ಡಿ, 14 ಚೀಲ
ಚೀಲ ಸಮೇತ ತೂಕ 462.0 ಕೆ.ಜಿ.
ಖಾಲಿ ಚೀಲದ ತೂಕ, ಒಂದಕ್ಕೆ 1 ಕೆ.ಜಿ.ಯಂತೆ: 14.0 ಕೆ.ಜಿ.
ನಿವ್ವಳ 448.0 ಕೆ.ಜಿ.
ಟೆಂಡರ್ ದರ ಕ್ವಿಂಟಲಿಗೆ ರೂ. 22,509
ಬಾಬತ್ತು: ರೂ. 1,00,840.32

ಲಾಟ್ 2, ಡಬ್ಬಿ, 8 ಚೀಲ
ಚೀಲವಾರು ತೂಕ: 33.2, 32.6, 33.4, 32.8, 33.0, 33.6, 32.4, 33.0. ಒಟ್ಟು 264.0 ಕೆ.ಜಿ.
ಖಾಲಿ ಚೀಲ 8.0 ಕೆ.ಜಿ.
ನಿವ್ವಳ 256.0 ಕೆ.ಜಿ.
ಟೆಂಡರ್ ದರ ಕ್ವಿಂಟಲಿಗೆ ರೂ. 27,809
ಬಾಬತ್ತು: ರೂ. 71,191.04

ಲಾಟ್ 3, ಕಡ್ಡಿ, ಎರಡನೇ ಬಿಡಿಕೆ, 5 ಚೀಲ
ಟೆಂಡರಿನಲ್ಲಿ ಬಂದ ಹೆಚ್ಚಿನ ದರ ಕ್ವಿಂಟಲಿಗೆ ರೂ. 9,209. ಗೌಡರು ಒಪ್ಪಿಲ್ಲ. ತೂಕ ಮಾಡಿಲ್ಲ, ಮಾಲು ಅಂಗಡಿಯಲ್ಲೇ ಇದೆ. ಸೋಮವಾರದ ಟೆಂಡರಿಗೆ ಮತ್ತೆ ಇಡಲಾಗುವುದು.

ಮಾಲಿನ ಒಟ್ಟು ಕಿಮ್ಮತ್ತು: ರೂ. 1,72,031.36

ಕಡಿತ:
ಇಳಿಸುವ ಹಮಾಲಿ, 27 ಚೀಲಕ್ಕೆ ರೂ. 8ರಂತೆ: 216.00
ತೂಕದ ಹಮಾಲಿ, 22 ಚೀಲಕ್ಕೆ ರೂ. 6ರಂತೆ: 132.00
ಟೆಂಪೋ ಬಾಡಿಗೆ, 27 ಚೀಲಕ್ಕೆ ರೂ. 60ರಂತೆ, ಅಂಗಡಿಯಿಂದ ಚಾಲಕರ ಕೈಗೆ ಕೊಟ್ಟದ್ದು: 1,620.00
ದಲಾಲಿ: ಇಲ್ಲ
ಮಾರುಕಟ್ಟೆ ಶುಲ್ಕ: ಇಲ್ಲ
ಸೂಟು: ಇಲ್ಲ
ಮಾದರಿ: ಇಲ್ಲ. ನೋಡಲು ತೆಗೆದ ಕಾಯಿ ಅದೇ ಲಾಟಿಗೆ ಮರಳಿ ಸುರಿದಿದೆ.
ಧರ್ಮಾದಾಯ: ಇಲ್ಲ
ಒಟ್ಟು ಕಡಿತ: ರೂ. 1,968.00

ಕಡಿತ ಹೋಗಿ ಉಳಿದದ್ದು: ರೂ. 1,70,063.36
ಉಚಾಪತಿಗೆ ಜಮಾ: ರೂ. 60,000.00
ರೈತರಿಗೆ ಸಂದಾಯ: ರೂ. 1,10,063 (ಒಂದು ಲಕ್ಷ ಹತ್ತು ಸಾವಿರದ ಅರವತ್ಮೂರು ರೂಪಾಯಿ ಮಾತ್ರ. ಪೈಸೆ ಬಿಟ್ಟಿದೆ.)
ತೂಕವಾದ ದಿನವೇ ಗೌಡರ ಬ್ಯಾಂಕ್ ಖಾತೆಗೆ ಹಾಕಿದೆ.

ಷರಾ: ನಿಮ್ಮ ಹುಡುಗ ಸಂಜೆ ಫೋನ್ ಮಾಡಿ, ಖರೀದಿದಾರರ ಬಿಲ್ಲಿನಲ್ಲಿ ದಲಾಲಿ ನೂರಕ್ಕೆ ಎರಡು ಅಂತ ಇದೆಯಲ್ಲ, ಅದು ನಮ್ಮ ದುಡ್ಡಿನಲ್ಲೇ ಹೋಯಿತೇ ಎಂದು ಕೇಳಿದ. ಕೇಳಿದ್ದು ಒಳ್ಳೆಯದೇ ಆಯಿತು, ಬರೆದೇ ಕೊಡುತ್ತೇನೆ. ಈ ಎರಡು ಲಾಟಿನ ಮೇಲೆ ನಮ್ಮ ದಲಾಲಿ ರೂ. 3,440.63. ಅದು ಖರೀದಿದಾರರು ಕ್ವಿಂಟಲಿನ ದರದ ಮೇಲೆ ಬೇರೆಯಾಗಿ ನಮಗೆ ಕೊಡುವ ಹಣ. ಮಾರುಕಟ್ಟೆ ಶುಲ್ಕವೂ ಅವರದೇ ಹೊರೆ. ಟೆಂಡರಿನಲ್ಲಿ ನಿಮ್ಮ ಮೊಬೈಲಿಗೆ ಬಂದ ದರ ಮತ್ತು ಈ ಪಟ್ಟಿಯ ದರ ಒಂದೇ ಇರಬೇಕು, ಹೋಲಿಸಿ ನೋಡಿರಿ. ಕೆಲವು ಕಡೆ ಹಣ್ಣು, ತರಕಾರಿ ಮಾರುವಾಗ ರೈತರಿಂದಲೇ ನೂರಕ್ಕೆ ಹತ್ತರವರೆಗೆ ಹಿಡಿಯುವುದನ್ನು ಕೇಳಿ ಅವನಿಗೆ ಸಂಶಯ ಬಂದಿರಬೇಕು. ಕಾನೂನಿನಲ್ಲಿ ಅದಕ್ಕೆ ಜಾಗ ಇಲ್ಲ, ನಮ್ಮ ಪಟ್ಟಿಯಲ್ಲೂ ಇಲ್ಲ.

ಇಳಿಸುವ ಹಮಾಲಿಯನ್ನು 27 ಚೀಲಕ್ಕೂ ಇವತ್ತೇ ಹಿಡಿದಿದೆ, ಯಾಕೆಂದರೆ ಇಳಿಸಿದ್ದು ಒಂದೇ ಸಲ. ಲಾಟ್ 3 ಮಾರಿದಾಗ ಅದನ್ನು ಮತ್ತೆ ಹಿಡಿಯುವುದಿಲ್ಲ. ತೂಕ ಆದ ಮೇಲೆ ಚೀಲ ಹೊಲಿದು, ಹೊತ್ತು ಲಾರಿಗೆ ಏರಿಸುವ ಕೂಲಿ ಖರೀದಿದಾರರದು.

ಲಾಟ್ 2ರ ಚೀಲವಾರು ತೂಕ ಇಲ್ಲೇ ಬರೆದಿದೆ. ಲಾಟ್ 1ರದು ಜಾಗ ಸಾಲದ್ದಕ್ಕೆ ತೂಕದ ಚೀಟಿಯಲ್ಲಿದೆ, ಚೀಟಿ ಈ ಪಟ್ಟಿಗೆ ಪಿನ್ ಮಾಡಿದೆ.

---

ಪಟ್ಟಿ ನಂ. 1263
ದಿನಾಂಕ: 10-2-2025, ಸೋಮವಾರ

ಮಾಲು ತಂದವರು: ಶ್ರೀ ಬಸನಗೌಡರು, ಕುಂದಗೋಳ ತಾಲೂಕು
ಮಾಲು: ಹಿಂದಿನ ಪಟ್ಟಿಯ ಲಾಟ್ 3, ಕಡ್ಡಿ, 5 ಚೀಲ

ಚೀಲ ಸಮೇತ ತೂಕ 151.5 ಕೆ.ಜಿ.
ಖಾಲಿ ಚೀಲ 5.0 ಕೆ.ಜಿ.
ನಿವ್ವಳ 146.5 ಕೆ.ಜಿ.
ಟೆಂಡರ್ ದರ ಕ್ವಿಂಟಲಿಗೆ ರೂ. 10,409
ಕಿಮ್ಮತ್ತು: ರೂ. 15,249.19

ಕಡಿತ:
ಇಳಿಸುವ ಹಮಾಲಿ: ಪಟ್ಟಿ 1187ರಲ್ಲಿ ಬಂದಿದೆ, ಇಲ್ಲಿ ಇಲ್ಲ
ತೂಕದ ಹಮಾಲಿ, 5 ಚೀಲಕ್ಕೆ ರೂ. 6ರಂತೆ: 30.00
ಬಿಸಿಲಿಗೆ ಹರವಿ, ಬಿಳಿಗಾಯಿ ಆರಿಸಿ ಮತ್ತೆ ತುಂಬಿದ ಕೂಲಿ, ಇಬ್ಬರು ಹೆಣ್ಣಾಳು, ಒಂದು ದಿನ, ರೂ. 350ರಂತೆ: 700.00
ಬಿಳಿಗಾಯಿ ತುಂಬಲು ಹೊಸ ಚೀಲ 1: 45.00
ದಲಾಲಿ, ಮಾರುಕಟ್ಟೆ ಶುಲ್ಕ, ಸೂಟು, ಮಾದರಿ, ಧರ್ಮಾದಾಯ: ಇಲ್ಲ
ಒಟ್ಟು ಕಡಿತ: ರೂ. 775.00

ರೈತರಿಗೆ ಸಂದಾಯ: ರೂ. 14,474 (ಹದಿನಾಲ್ಕು ಸಾವಿರದ ನಾಲ್ಕು ನೂರ ಎಪ್ಪತ್ನಾಲ್ಕು ರೂಪಾಯಿ ಮಾತ್ರ.) ಅದೇ ದಿನ ಖಾತೆಗೆ ಹಾಕಿದೆ. ಈ ಪಟ್ಟಿಯಿಂದ ಉಚಾಪತಿಗೆ ಏನೂ ಹಿಡಿದಿಲ್ಲ.

ಷರಾ: ಆರಿಸುವ ಕೂಲಿ ಶುಕ್ರವಾರ ನಿಮ್ಮನ್ನು ಫೋನಿನಲ್ಲಿ ಕೇಳಿಯೇ ಮಾಡಿಸಿದ್ದು. ಆರಿಸಿದ ಬಿಳಿಗಾಯಿ 6 ಕೆ.ಜಿ. ಆಗಿದೆ. ಗುರುವಾರವೇ ರೂ. 9,209ಕ್ಕೆ ಕೊಟ್ಟಿದ್ದರೆ, ಆ 6 ಕೆ.ಜಿ.ಯೂ ಸೇರಿ 152.5 ಕೆ.ಜಿ.ಗೆ, ತೂಕದ ಹಮಾಲಿ ಕಳೆದು ರೂ. 14,013.73 ಬರುತ್ತಿತ್ತು. ಈಗ ರೂ. 460 ಹೆಚ್ಚು ಬಂದಿದೆ, ಬಿಳಿಗಾಯಿಯೂ ನಿಮ್ಮದೇ ಉಳಿದಿದೆ. ಕ್ವಿಂಟಲಿಗೆ ರೂ. 1,200 ಏರಿತು ಎಂದು ಊರಲ್ಲಿ ಹೇಳಿಕೊಳ್ಳಬಹುದು, ಆದರೆ ಕೈಗೆ ಹತ್ತಿದ್ದು ಇಷ್ಟೇ. ಮುಂದಿನ ಬಿಡಿಕೆಯನ್ನು ಮನೆಯಲ್ಲೇ ಆರಿಸಿ, ಚೆನ್ನಾಗಿ ಒಣಗಿಸಿ ತಂದರೆ ಈ ಕೂಲಿ ಉಳಿಯುತ್ತದೆ. ಹಸಿ ಇದ್ದರೆ ಕಾಯಿ ಕಪ್ಪಾಗುತ್ತದೆ, ಆಮೇಲೆ ಬಣ್ಣ ನೋಡಿ ಟೆಂಡರ್ ಬರೆಯುವವರು ದರ ಮುರಿಯುತ್ತಾರೆ.

---

ಉಚಾಪತಿ ಖಾತೆ, 6-2-2025ರವರೆಗೆ

18-6-2024, ಬೀಜ, ಗೊಬ್ಬರದ ಅಂಗಡಿಗೆ ನಿಮ್ಮ ಪರವಾಗಿ: ರೂ. 40,000
22-10-2024, ಔಷಧಿ ಮತ್ತು ಕಳೆ ಕೂಲಿಗೆ, ನಗದು: ರೂ. 35,000
8-1-2025, ಕಾಯಿ ಬಿಡಿಸುವ ಕೂಲಿಗೆ, ನಗದು: ರೂ. 25,000
ಒಟ್ಟು ನಾವೆ: ರೂ. 1,00,000

ಬಡ್ಡಿ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿಯಂತೆ, ಹಣ ಕೊಟ್ಟ ದಿನದಿಂದ 6-2-2025ರವರೆಗೆ:
40,000ಕ್ಕೆ 7 ತಿಂಗಳು 19 ದಿನ: 3,053.33
35,000ಕ್ಕೆ 3 ತಿಂಗಳು 15 ದಿನ: 1,225.00
25,000ಕ್ಕೆ 29 ದಿನ: 241.67
ಒಟ್ಟು ಬಡ್ಡಿ: ರೂ. 4,520.00

ಜಮಾ, ಪಟ್ಟಿ 1187ರಿಂದ: ರೂ. 60,000
ಬಾಕಿ: ಅಸಲು ರೂ. 40,000, ಬಡ್ಡಿ ರೂ. 4,520. ಒಟ್ಟು ರೂ. 44,520

ಷರಾ: ಮೊದಲು 80,000 ಜಮಾ ಮಾಡಿಕೊಳ್ಳುವುದು ಅಂತ ಮಾತಾಗಿತ್ತು. ಬಿಡಿಸುವವರ ಕೂಲಿ ಇನ್ನೂ ಕೊಡುವುದಿದೆ ಎಂದು ನೀವು ಹೇಳಿದ್ದಕ್ಕೆ 60,000ಕ್ಕೆ ನಿಲ್ಲಿಸಿದೆ. 60,000 ಪೂರ್ತಿ ಅಸಲಿಗೇ ಹೋಗಿದೆ, ಬಡ್ಡಿಯನ್ನು ಪಟ್ಟಿಯಲ್ಲಿ ಮುರಿದುಕೊಂಡಿಲ್ಲ. 6ನೇ ತಾರೀಖಿನಿಂದ ಮುಂದೆ ಬಡ್ಡಿ 40,000ದ ಮೇಲೆ ಮಾತ್ರ, ಬಡ್ಡಿಯ ಮೇಲೆ ಬಡ್ಡಿ ಹಿಡಿಯುವುದಿಲ್ಲ. ಸಾಲ ಇದೆ ಅಂತ ಮಾಲನ್ನು ನಮ್ಮಲ್ಲಿಗೇ ತರಬೇಕೆಂಬ ಕಟ್ಟು ಏನಿಲ್ಲ ಗೌಡರೇ. ಬೇರೆ ಕಡೆ ಮಾರಿದರೂ ಯುಗಾದಿಯೊಳಗೆ ಖಾತೆ ಚುಕ್ತಾ ಮಾಡಿದರೆ ಸಾಕು.

ಬಿಳಿಗಾಯಿಯ ಚೀಲ ಅಂಗಡಿಯ ಅಟ್ಟದ ಮೇಲಿದೆ, ಅದಕ್ಕೆ ಬಾಡಿಗೆ ಇಲ್ಲ. ಮುಂದಿನ ಸಲ ಬಂದಾಗ ಒಯ್ಯಿರಿ, ಇಲ್ಲವೇ ಮಾರಲು ಹೇಳಿರಿ.

ಎರಡೂ ಪಟ್ಟಿಗಳ ಅಸಲು ಪ್ರತಿ ನಿಮಗೆ, ಕಾರ್ಬನ್ ಪ್ರತಿ ಅಂಗಡಿಗೆ. ತೂಕ ಅಥವಾ ಲೆಕ್ಕದಲ್ಲಿ ತಕರಾರು ಇದ್ದರೆ ಪಟ್ಟಿ ಹಿಡಿದುಕೊಂಡು ಬನ್ನಿರಿ. ನಮ್ಮ ಉತ್ತರ ಒಪ್ಪಿಗೆಯಾಗದಿದ್ದರೆ ಪ್ರಾಂಗಣದಲ್ಲೇ ಇರುವ ಸಮಿತಿಯ ಕಾರ್ಯದರ್ಶಿಗಳ ಕಚೇರಿಗೆ ಇದೇ ಪಟ್ಟಿ ಕೊಟ್ಟು ಅರ್ಜಿ ಬರೆಯಬಹುದು.

ಲೆಕ್ಕ ಬರೆದವರು: ಗುಮಾಸ್ತರು (ಸಹಿ)
ಅಂಗಡಿ ನಂ. 64ರ ಪರವಾಗಿ: ಮಾಲೀಕರು (ಸಹಿ)
ಪಟ್ಟಿ ಮುಟ್ಟಿದ್ದಕ್ಕೆ: ಬಸನಗೌಡ (ಸಹಿ), 10-2-2025